ಆಳದ ಗುಂಡಿ, ಪಕ್ಕದ ಮನೆ: ಗುತ್ತಿಗೆದಾರನ ಮೆಥಡ್ ಸ್ಟೇಟ್‌ಮೆಂಟ್ ಓದುವ ಬಗೆ

ಬೇಸ್‌ಮೆಂಟ್‌ಗಾಗಿ ಆಳವಾಗಿ ಮಣ್ಣು ತೆಗೆಯುವ ಮೊದಲು ಗುತ್ತಿಗೆದಾರ ಬರೆದುಕೊಡಬೇಕಾದ ದಾಖಲೆಗೆ ಮೆಥಡ್ ಸ್ಟೇಟ್‌ಮೆಂಟ್ ಎಂದು ಹೆಸರು. ಕೆಲಸವನ್ನು ಯಾವ ಕ್ರಮದಲ್ಲಿ, ಯಾವ ಯಂತ್ರದಿಂದ, ಯಾರ ಉಸ್ತುವಾರಿಯಲ್ಲಿ ಮಾಡಲಾಗುತ್ತದೆ, ಅಪಾಯ ತಡೆಯಲು ಹಂತಹಂತಕ್ಕೂ ಏನು ಏರ್ಪಾಡಿದೆ ಎಂಬುದೆಲ್ಲ ಅದರಲ್ಲಿರಬೇಕು. ಕೆಲಸ ಮುಗಿದಾಗ ಏನು ನಿಂತಿರಬೇಕು ಎಂಬುದನ್ನು ವಿನ್ಯಾಸದ ನಕ್ಷೆ ತೋರಿಸುತ್ತದೆ. ಅಲ್ಲಿಗೆ ಮುಟ್ಟುವ ತನಕ ಒಂದೊಂದು ದಿನವೂ ಗುಂಡಿಯ ಗೋಡೆಯನ್ನು ಯಾವುದು ಹಿಡಿದು ನಿಲ್ಲಿಸಿರುತ್ತದೆ ಎಂಬುದನ್ನು ಮೆಥಡ್ ಸ್ಟೇಟ್‌ಮೆಂಟ್ ಹೇಳಬೇಕು. ಈ ನಡುವಿನ ದಿನಗಳೇ ಅಪಾಯದ ದಿನಗಳು. ಮಣ್ಣು ಹೋಗಿರುತ್ತದೆ, ಆಧಾರ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಕಟ್ಟಡದ ಮಾಲೀಕನ ಪರವಾಗಿ ಈ ದಾಖಲೆಯನ್ನು ಪರಿಶೀಲಿಸುವ ಎಂಜಿನಿಯರಿಗೆ ತಪ್ಪಾಗಿ ಬರೆದ ಸಾಲುಗಳು ಸುಲಭವಾಗಿ ಕಣ್ಣಿಗೆ ಬೀಳುತ್ತವೆ. ಬರೆಯದೇ ಬಿಟ್ಟದ್ದು ಹಾಗೆ ಬೀಳುವುದಿಲ್ಲ. ಹೆಲ್ಮೆಟ್, ಬ್ಯಾರಿಕೇಡ್, ಏಣಿ, ಎಚ್ಚರಿಕೆ ಫಲಕ ಇವೆಲ್ಲ ಬಹುತೇಕ ಎಲ್ಲ ದಾಖಲೆಗಳಲ್ಲೂ ಅಚ್ಚುಕಟ್ಟಾಗಿ ಇರುತ್ತವೆ. ಒಂದೂವರೆ ಮೀಟರಿಗಿಂತ ಆಳದ ಕಂದಕಕ್ಕೆ ಆಧಾರ ಕೊಡಬೇಕು ಇಲ್ಲವೇ ಬದಿಯನ್ನು ಇಳಿಜಾರಾಗಿ ಕತ್ತರಿಸಬೇಕು ಎಂಬ ನಿಯಮವೂ ಇರುತ್ತದೆ. ಅಗೆತದ ಸುರಕ್ಷತೆಗಿರುವ ಭಾರತೀಯ ಮಾನಕ ಐಎಸ್ 3764ರ ಹೆಸರನ್ನೂ ಉಲ್ಲೇಖಿಸಿರುತ್ತಾರೆ. ಇವು ಗುಂಡಿಯೊಳಗೆ ದುಡಿಯುವವರಿಗೆ ಬೇಕೇ ಬೇಕು. ಆದರೆ ಗುಂಡಿಯಾಚೆ ಮಲಗಿರುವ ಪಕ್ಕದ ಮನೆಯವರನ್ನು ಇವು ಕಾಯುವುದಿಲ್ಲ. ಹಾಗಾಗಿ ಪರಿಶೀಲಕ ನೋಡಬೇಕಾದ ಮೊದಲ ಸಂಗತಿ, ಈ ದಾಖಲೆ ಈ ನಿವೇಶನಕ್ಕೇ ಬರೆದದ್ದೇ ಎಂಬುದು. ಪಕ್ಕದ ಕಟ್ಟಡ ಎಷ್ಟು ದೂರದಲ್ಲಿದೆ, ಅದರ ಪಾಯ ಎಷ್ಟು ಆಳ, ಅದು ಕಲ್ಲಿನದೋ ಕಾಂಕ್ರೀಟಿನದೋ ಎಂಬುದು ಇಡೀ ದಾಖಲೆಯಲ್ಲಿ ಎಲ್ಲೂ ಇಲ್ಲದಿದ್ದರೆ, ಬೇರೊಂದು ಸೈಟಿನ ಪ್ರತಿಗೆ ಹೆಸರು ಬದಲಿಸಿ ತಂದಿದ್ದಾರೆ ಎಂದೇ ತಿಳಿಯಬೇಕು.

ವಿಷಯ ಸ್ಪಷ್ಟವಾಗಲು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇಂದು ಸಾಮಾನ್ಯವಾಗಿರುವ ಸನ್ನಿವೇಶವೊಂದನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಎರಡು ಹಳೆಯ ಸೈಟುಗಳನ್ನು ಸೇರಿಸಿ ಅಪಾರ್ಟ್‌ಮೆಂಟ್ ಕಟ್ಟಬೇಕಿದೆ. ಎರಡು ಹಂತದ ಬೇಸ್‌ಮೆಂಟಿಗೆ 9 ಮೀಟರ್ ಆಳ ಬೇಕು. ಗುಂಡಿಯ ಅಂಚಿನಿಂದ 2.5 ಮೀಟರ್ ದೂರದಲ್ಲಿ ಹಳೆಯದೊಂದು ಮನೆ. ಸೈಜುಗಲ್ಲಿನ ಪಾಯ, ಆಳ 1.5 ಮೀಟರ್. ಮನೆಯ ಅಗಲ 8 ಮೀಟರ್. ಇಟ್ಟಿಗೆ ಗೋಡೆಗಳೇ ಭಾರ ಹೊತ್ತಿವೆ, ಕಾಂಕ್ರೀಟ್ ಕಂಬಗಳಿಲ್ಲ. ಗುಂಡಿಯ ಬದಿಗೆ ಸಾಲಾಗಿ ಕಾಂಕ್ರೀಟ್ ಪೈಲುಗಳನ್ನು ಇಳಿಸಿ, ಕೆಳಗಿಳಿದಂತೆ 2 ಮೀಟರ್ ಮತ್ತು 5 ಮೀಟರ್ ಆಳದಲ್ಲಿ ಎರಡು ಸಾಲು ಆಂಕರುಗಳಿಂದ ಆ ಪೈಲುಗಳನ್ನು ಹಿಂದಿನ ಮಣ್ಣಿಗೆ ಬಿಗಿಯುವುದು ವಿನ್ಯಾಸ.

ಪೆನ್ಸಿಲಿನಿಂದ ಗೆರೆಯೊಂದನ್ನು ಎಳೆದರೆ ಈ ಮನೆಗೂ ಗುಂಡಿಗೂ ಇರುವ ಸಂಬಂಧ ತಿಳಿಯುತ್ತದೆ. ಪಕ್ಕದ ಮನೆಯ ಪಾಯದ ತಳದಿಂದ ಗುಂಡಿಯ ಕಡೆಗೆ 45 ಡಿಗ್ರಿ ಓರೆಯಾಗಿ ಕೆಳಗೆ ಗೆರೆ ಎಳೆದರೆ ಅದು 2.5 ಮೀಟರ್ ದೂರ ಕ್ರಮಿಸುವಷ್ಟರಲ್ಲಿ ಅಷ್ಟೇ ಆಳಕ್ಕೆ ಇಳಿಯುತ್ತದೆ. ಪಾಯದ ತಳ ಮೊದಲೇ ಒಂದೂವರೆ ಮೀಟರ್ ಕೆಳಗಿರುವುದರಿಂದ ಗೆರೆ ಗುಂಡಿಯ ಗೋಡೆಯನ್ನು ಮುಟ್ಟುವುದು ನೆಲಮಟ್ಟದಿಂದ 4 ಮೀಟರ್ ಆಳದಲ್ಲಿ. ಸ್ಥೂಲವಾಗಿ ಹೇಳುವುದಾದರೆ, ಅಗೆತ 4 ಮೀಟರ್ ದಾಟಿದ ಮೇಲೆ ಪಕ್ಕದ ಮನೆಯ ಭಾರವೂ ಪೈಲುಗಳ ಮೇಲೆ ಒತ್ತತೊಡಗುತ್ತದೆ. ಲೆಕ್ಕದ ಹಾಳೆಯಲ್ಲಿ ಮಣ್ಣಿನ ಒತ್ತಡ ಮಾತ್ರವಿದ್ದು ಮನೆಯ ಭಾರ ಸೇರಿಲ್ಲದಿದ್ದರೆ ಆ ವಿನ್ಯಾಸ ಬಯಲಿನಲ್ಲಿ ತೋಡುವ ಗುಂಡಿಗೆ ಸರಿ, ಇಲ್ಲಿಗಲ್ಲ. ಮೆಥಡ್ ಸ್ಟೇಟ್‌ಮೆಂಟಿನ ಜೊತೆಗೆ ಈ ಲೆಕ್ಕವನ್ನೂ ಕೇಳಿ ತರಿಸಿಕೊಳ್ಳದೆ ಪರಿಶೀಲನೆ ಆರಂಭವೇ ಆಗುವುದಿಲ್ಲ.

ಇನ್ನು ಅಗೆತದ ಕ್ರಮ. ಹೆಚ್ಚಿನ ಸಮಯ ಕೊಡಬೇಕಾದ ಭಾಗ ಇದೇ. ನಕ್ಷೆಯನ್ನೂ ಬರಹವನ್ನೂ ಪಕ್ಕಪಕ್ಕ ಇಟ್ಟು ಹಂತಹಂತವಾಗಿ ಗುಂಡಿಯ ಚಿತ್ರ ಬರೆಯುತ್ತಾ ಹೋಗಬೇಕು. ಉದಾಹರಣೆಯ ದಾಖಲೆಯಲ್ಲಿ 'ಮೂರು ಮೀಟರಿನ ಪದರಗಳಲ್ಲಿ ಮಣ್ಣು ತೆಗೆದು, ಪ್ರತಿ ಪದರದ ನಂತರ ಆಂಕರ್ ಅಳವಡಿಸಲಾಗುವುದು' ಎಂದಿದೆ ಎಂದುಕೊಳ್ಳೋಣ. ಓದಲು ಸರಿಯಾಗಿಯೇ ಕಾಣುತ್ತದೆ. ಆದರೆ ಮೊದಲ ಸಾಲಿನ ಆಂಕರ್ ಇರುವುದು 2 ಮೀಟರ್ ಆಳದಲ್ಲಿ. ಕೊರೆಯುವ ಯಂತ್ರ ನಿಲ್ಲಲು ಅದಕ್ಕಿಂತ ಅರ್ಧ ಮೀಟರ್ ಕೆಳಗೆ ತೆಗೆದರೆ ಸಾಕು. ವಿನ್ಯಾಸಕಾರ ಲೆಕ್ಕ ಹಾಕಿರುವುದೂ ಆ ಎರಡೂವರೆ ಮೀಟರಿಗೇ. ಮೂರು ಮೀಟರ್ ತೆಗೆದರೆ ಯಾವ ಹಿಡಿತವೂ ಇಲ್ಲದೆ ಪೈಲುಗಳು ಅರ್ಧ ಮೀಟರ್ ಹೆಚ್ಚು ಮಣ್ಣನ್ನು ತಡೆದು ನಿಲ್ಲಬೇಕಾಗುತ್ತದೆ. ಎರಡನೆಯ ಪದರದಲ್ಲೂ ಇದೇ ತೊಡಕು. 5 ಮೀಟರಿನ ಆಂಕರಿಗೆ ಐದೂವರೆ ಸಾಕಾಗಿದ್ದಲ್ಲಿ ಗುಂಡಿ ಆರು ಮೀಟರಿಗೆ ಇಳಿದಿರುತ್ತದೆ. ಅಷ್ಟು ಹೊತ್ತಿಗೆ ಮನೆಯ ಭಾರವೂ ಬಂದು ಕೂತಿರುತ್ತದೆ.

ಅದೇ ವಾಕ್ಯದಲ್ಲಿ ಇನ್ನೊಂದು ಕೊರತೆಯಿದೆ. 'ಅಳವಡಿಸಲಾಗುವುದು' ಎಂದರೆ ಏನು? ಆಂಕರ್ ಕೊರೆದು, ಉಕ್ಕಿನ ತಂತಿ ತೂರಿಸಿ, ಸಿಮೆಂಟ್ ಗ್ರೌಟ್ ತುಂಬಿದ ದಿನವೇ ಅದು ಭಾರ ಹೊರುವುದಿಲ್ಲ. ಗ್ರೌಟ್ ಗಟ್ಟಿಯಾಗಲು ದಿನಗಳು ಬೇಕು. ಆಮೇಲೆ ಜ್ಯಾಕ್ ಹಾಕಿ ಎಳೆದು, ನಿಗದಿತ ಭಾರಕ್ಕೆ ಪರೀಕ್ಷಿಸಿ, ಬಿಗಿದು ಬಂಧಿಸಬೇಕು. ಹಿಟಾಚಿ ಗಂಟೆಯ ಬಾಡಿಗೆಗೆ ಬಂದು ನಿಂತಿರುತ್ತದೆ, ಟಿಪ್ಪರುಗಳು ರಾತ್ರಿ ಮಾತ್ರ ಓಡಾಡಬಹುದು. ಹೀಗಿರುವಾಗ ಗ್ರೌಟ್ ತುಂಬಿದ ರಾತ್ರಿಯೇ ಮುಂದಿನ ಪದರಕ್ಕೆ ಕೈಹಾಕುವ ಒತ್ತಡ ಸೈಟಿನಲ್ಲಿ ಸದಾ ಇರುತ್ತದೆ. ಇದನ್ನು ತಡೆಯುವ ಉಪಾಯವೆಂದರೆ ಹೋಲ್ಡ್ ಪಾಯಿಂಟ್. ಪ್ರತಿ ಸಾಲಿನ ಆಂಕರುಗಳ ಪರೀಕ್ಷೆಯ ಫಲಿತಾಂಶ ನೋಡಿ, ಹೆಸರಿಸಿದ ಎಂಜಿನಿಯರ್ ಸಹಿ ಹಾಕುವ ತನಕ ಕೆಳಗೆ ಒಂದು ಬಕೆಟ್ ಮಣ್ಣೂ ತೆಗೆಯಕೂಡದು ಎಂಬ ಷರತ್ತು. ಹಂತಗಳ ವಿವರಣೆ ಎಷ್ಟೇ ಉದ್ದವಿದ್ದರೂ ಹೋಲ್ಡ್ ಪಾಯಿಂಟ್ ಇಲ್ಲದಿದ್ದರೆ ಆ ಕ್ರಮವನ್ನು ಕಾಯುವವರು ಯಾರೂ ಇಲ್ಲ ಎಂದರ್ಥ.

ಬೆಂಗಳೂರಿನ ನೆಲಕ್ಕೆ ವಿಶೇಷವಾದ ಅಪಾಯವೊಂದು ಇದೇ ಭಾಗದಲ್ಲಿ ಅಡಗಿರುತ್ತದೆ. ಇಲ್ಲಿ ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಗರಸು, ಶಿಥಿಲ ಬಂಡೆ, ಅದಕ್ಕೂ ಕೆಳಗೆ ಗಟ್ಟಿ ಬಂಡೆ. ಬಂಡೆಯ ಮಟ್ಟ ಒಂದೇ ಸೈಟಿನೊಳಗೆ ಹಲವು ಮೀಟರ್ ಏರಿಳಿಯಬಹುದು. ಮಣ್ಣಿನ ಪರೀಕ್ಷೆಗೆ ಎರಡು ಮೂಲೆಗಳಲ್ಲಿ ಕೊರೆದಾಗ 12 ಮೀಟರಿಗೆ ಗಟ್ಟಿ ಬಂಡೆ ಸಿಕ್ಕಿತೆಂದು ಪೈಲುಗಳನ್ನು 12 ಮೀಟರ್ ಉದ್ದಕ್ಕೆ ವಿನ್ಯಾಸ ಮಾಡಿರುತ್ತಾರೆ: 9 ಮೀಟರ್ ಗುಂಡಿ, ಅದರ ತಳದಿಂದ ಕೆಳಗೆ 3 ಮೀಟರ್ ಹೂತಿರುವ ಬುಡ. ಆದರೆ ಪಕ್ಕದ ಮನೆಯ ಬದಿಯಲ್ಲಿ 7 ಮೀಟರಿಗೇ ಬಂಡೆ ಎದುರಾದರೆ ಏನು ಮಾಡಬೇಕು? ದಾಖಲೆಯಲ್ಲಿ 'ಬಂಡೆ ಸಿಕ್ಕಲ್ಲಿ ಪೈಲು ನಿಲ್ಲಿಸಲಾಗುವುದು' ಎಂಬ ಒಂದು ಸಾಲು ಮಾತ್ರವಿರುತ್ತದೆ. ಹಾಗೆ ನಿಲ್ಲಿಸಿದ ಪೈಲಿನ ಬುಡದ ಕೆಳಗೆ ಇನ್ನೂ ಎರಡು ಮೀಟರ್ ಬಂಡೆ ಒಡೆದು ತೆಗೆಯಬೇಕು. ಹೂತಿರಬೇಕಾಗಿದ್ದ ಬುಡ ಆಗ ಗಾಳಿಯಲ್ಲಿ ನೇತಾಡುತ್ತದೆ. ಬಂಡೆಯೊಳಕ್ಕೆ ಕೊರೆದು ಪೈಲನ್ನು ಕೂರಿಸುವುದೋ, ಬುಡದ ಬಳಿ ಬಂಡೆಯ ಮೆಟ್ಟಿಲೊಂದನ್ನು ಉಳಿಸಿ ಅಲ್ಲಿ ಹೆಚ್ಚುವರಿ ಆಂಕರ್ ಹಾಕುವುದೋ ಎಂಬುದನ್ನು ವಿನ್ಯಾಸಕಾರ ಮೊದಲೇ ತೀರ್ಮಾನಿಸಿ ಬರೆದಿರಬೇಕು. ಪೈಲು ನಿಗದಿತ ಆಳಕ್ಕೆ ಇಳಿಯದಿದ್ದರೆ ಆ ಬದಿಯ ಅಗೆತ ನಿಲ್ಲುತ್ತದೆ ಎಂಬ ಮಾತೂ ಇರಬೇಕು. ಜೊತೆಗೆ ಬಂಡೆ ಒಡೆಯುವ ಬಗೆ. ಸಿಡಿಮದ್ದಿನ ಮಾತಂತೂ ಇಷ್ಟು ಹತ್ತಿರದಲ್ಲಿ ಬರಕೂಡದು. ಬ್ರೇಕರ್ ಬಳಸಿದರೂ ಪಕ್ಕದ ಮನೆಯ ಪಾಯದ ಬಳಿ ಕಂಪನ ಅಳೆಯುವ ಏರ್ಪಾಡು ಬೇಕು. ಗಣಿ ಸುರಕ್ಷತಾ ನಿರ್ದೇಶನಾಲಯ ಸ್ಫೋಟದ ಕಂಪನಕ್ಕೆ ವಿಧಿಸಿರುವ ಮಿತಿ, ಸಾಮಾನ್ಯ ವಾಸದ ಮನೆಗಳಿಗೆ ನಿಧಾನಗತಿಯ ಕಂಪನದಲ್ಲಿ ಸೆಕೆಂಡಿಗೆ 5 ಮಿಲಿಮೀಟರ್. ಬ್ರೇಕರಿಗೂ ಆ ಅಂಕಿಯನ್ನು ಆಧಾರವಾಗಿ ಇಟ್ಟುಕೊಳ್ಳಬಹುದು.

ನೀರಿನ ಬಗ್ಗೆ ದಾಖಲೆಗಳು ಸಾಮಾನ್ಯವಾಗಿ ಹೇಳುವುದು 'ಅಗತ್ಯವಿದ್ದರೆ ಪಂಪ್ ಮಾಡಿ ನೀರು ತೆಗೆಯಲಾಗುವುದು' ಎಂದಷ್ಟೇ. ಇಲ್ಲಿ ಮೊದಲು ನೋಡಬೇಕಾದದ್ದು ಮಣ್ಣಿನ ಪರೀಕ್ಷೆಯ ತಾರೀಖು. ಮಾರ್ಚಿನಲ್ಲಿ ಕೊರೆದಾಗ 6 ಮೀಟರಿನಲ್ಲಿ ಸಿಕ್ಕ ನೀರು ಅಕ್ಟೋಬರದ ಮಳೆಯಲ್ಲಿ ಅಲ್ಲೇ ಇರುವುದಿಲ್ಲ. ಎರಡನೆಯದು, ನೀರು ಇಳಿಸಿದ್ದರಿಂದ ಪಕ್ಕದ ಮನೆಯ ಕೆಳಗೆ ಆಗುವ ಬದಲಾವಣೆ. ನೆಲದೊಳಗಿನ ನೀರು ಒಂದು ಮೀಟರ್ ಇಳಿದರೆ ಅದರ ಕೆಳಗಿನ ಮಣ್ಣಿನ ಕಣಗಳ ಮೇಲೆ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರ ಹೆಚ್ಚುತ್ತದೆ. ಸಾಧಾರಣ ಮನೆಯ ಒಂದು ಅಂತಸ್ತಿನ ಭಾರವೂ ಹತ್ತಿರಹತ್ತಿರ ಅಷ್ಟೇ. ಗುಂಡಿಯ ತಳ ಒಣಗಿರಲೆಂದು ನೀರನ್ನು 6 ಮೀಟರಿನಿಂದ 10 ಮೀಟರಿಗೆ ಇಳಿಸಿ, ಮನೆಯ ಕೆಳಗೂ ಅದು ಅಷ್ಟೇ ಇಳಿದರೆ, ಆ ಮಣ್ಣಿನ ಪಾಲಿಗೆ ಮೂರ್ನಾಲ್ಕು ಅಂತಸ್ತು ಹೆಚ್ಚು ಕಟ್ಟಿದಂತೆ. ಗಟ್ಟಿ ಗರಸಿನಲ್ಲಿ ಇದರಿಂದಾಗುವ ಕುಸಿತ ಕಡಿಮೆ. ಹಳೆಯ ಕೆರೆಯ ಅಂಗಳದಲ್ಲಿ, ತುಂಬಿದ ಮಣ್ಣಿನ ಮೇಲೆ ಎದ್ದ ಬಡಾವಣೆಯಲ್ಲಿ ಅದು ಹೆಚ್ಚು.

ಇದಕ್ಕಿಂತ ಬೇಗ ಹಾನಿ ಮಾಡುವುದು ನೀರಿನೊಂದಿಗೆ ಹೊರಬೀಳುವ ಮಣ್ಣು. ಪೈಲುಗಳ ನಡುವಿನ ಸಂದಿಯಲ್ಲಿ ಒಸರುವ ನೀರು ತಿಳಿಯಾಗಿದ್ದರೆ ಸದ್ಯಕ್ಕೆ ಭಯವಿಲ್ಲ. ಕೆಸರಾಗಿ ಬರುತ್ತಿದ್ದರೆ ಪಕ್ಕದ ಮನೆಯ ಕೆಳಗಿನ ಮಣ್ಣೇ ಕರಗಿ ಬರುತ್ತಿದೆ ಎಂದು ತಿಳಿಯಬೇಕು. ಪಂಪಿನ ನೀರನ್ನು ಮೋರಿಗೆ ಬಿಡುವ ಮುನ್ನ ತೊಟ್ಟಿಯೊಂದರಲ್ಲಿ ನಿಲ್ಲಿಸಿ, ಅದರ ತಳದಲ್ಲಿ ದಿನಕ್ಕೆಷ್ಟು ಮರಳು ಕೂತಿತು ಎಂದು ನೋಡಿದರೆ ಇದು ಗೊತ್ತಾಗುತ್ತದೆ. ಈ ತೊಟ್ಟಿಯ ಮಾತು, ಸಂದಿಗಳನ್ನು ಕಾಂಕ್ರೀಟ್ ಸಿಂಪಡಿಸಿ ಮುಚ್ಚುವ ಗಡುವು, ಕರೆಂಟ್ ಹೋದರೆ ಪಂಪಿಗೆ ಜನರೇಟರ್, ಇವು ಬರಹದಲ್ಲಿವೆಯೇ ಎಂದು ಹುಡುಕಬೇಕು. ನಗರದ ಮನೆಗಳಲ್ಲಿ ಇನ್ನೂ ಒಂದು ನೀರಿನ ಮೂಲವಿದೆ: ಪಕ್ಕದವರ ಸಂಪು. ಅದು ಕಾಂಪೌಂಡ್ ಗೋಡೆಗೆ ಅಂಟಿಕೊಂಡಿದ್ದು ಒಳಗೊಳಗೇ ಸೋರುತ್ತಿದ್ದರೆ ಗುಂಡಿಯ ಹಿಂದಿನ ಮಣ್ಣು ಬೇಸಿಗೆಯಲ್ಲೂ ನೆನೆದಿರುತ್ತದೆ. ಹಳೆಯ ಯುಜಿಡಿ ಕೊಳವೆಯ ಕಥೆಯೂ ಇದೇ. ಸಂಪು, ಕೊಳವೆ, ಬೋರ್‌ವೆಲ್ ಎಲ್ಲೆಲ್ಲಿವೆ ಎಂದು ಗುರುತಿಸಿದ ನಕ್ಷೆ ದಾಖಲೆಯ ಜೊತೆಗಿಲ್ಲದಿದ್ದರೆ ಯಾರೂ ಪಕ್ಕದ ಮನೆಯ ಬಾಗಿಲು ತಟ್ಟಿಲ್ಲ ಎಂದೇ ಅರ್ಥ.

ಬಾಗಿಲು ತಟ್ಟಲೇಬೇಕಾದ ಕಾರಣಗಳು ಬೇರೆಯೂ ಇವೆ. 12 ಮೀಟರ್ ಉದ್ದದ ಆಂಕರನ್ನು ಸ್ವಲ್ಪ ಓರೆಯಾಗಿ ಕೊರೆದರೆ ಅದು ಪಕ್ಕದ ಮನೆಯ ಅಡಿಯಲ್ಲಿ ಆಚೆಯ ಗೋಡೆಯವರೆಗೂ ಹೋಗುತ್ತದೆ. ಅದು ಬೇರೆಯವರ ಜಾಗ. ಅವರ ಲಿಖಿತ ಒಪ್ಪಿಗೆಯಿಲ್ಲದೆ ಕೊರೆಯುವಂತಿಲ್ಲ. ಒಪ್ಪಿಗೆ ಸಿಗದಿದ್ದರೆ ಗುಂಡಿಯೊಳಗೇ ಉಕ್ಕಿನ ಅಡ್ಡತೊಲೆಗಳನ್ನು ಕೊಟ್ಟು ನಿಲ್ಲಿಸಬೇಕು, ಆಗ ಇಡೀ ವಿನ್ಯಾಸವೇ ಬದಲಾಗುತ್ತದೆ. ಒಪ್ಪಿಗೆ ಪತ್ರ ಕೈಸೇರುವ ಮೊದಲೇ ಆಂಕರಿನ ವಿನ್ಯಾಸಕ್ಕೆ ಅನುಮೋದನೆ ಕೊಟ್ಟರೆ, ಅರ್ಧ ತೋಡಿದ ಗುಂಡಿಯಲ್ಲಿ ಕೆಲಸ ನಿಂತು ವ್ಯಾಜ್ಯ ಶುರುವಾಗುತ್ತದೆ. ತೋಡಿ ಬಿಟ್ಟ ಗುಂಡಿಯಷ್ಟು ಕೆಟ್ಟ ಸ್ಥಿತಿ ಬೇರೊಂದಿಲ್ಲ. ಮೊದಲ ಪೈಲು ಇಳಿಸುವ ಮುನ್ನವೇ ಮನೆಯ ಕೋಣೆ ಕೋಣೆಯ ಫೋಟೊ ತೆಗೆದು, ಈಗಾಗಲೇ ಇರುವ ಬಿರುಕುಗಳ ಅಗಲ ಅಳೆದು, ಮನೆಯವರ ಸಹಿ ಪಡೆದ ಸಮೀಕ್ಷೆಯೂ ಬೇಕು. ಇದರ ಉಪಯೋಗ ಜಗಳಕ್ಕೆ ಮಾತ್ರವಲ್ಲ. ಹಳೆಯ ಬಿರುಕು ಯಾವುದು ಎಂದು ಗೊತ್ತಿದ್ದರೆ ಮಾತ್ರ ಹೊಸದನ್ನು ಗುರುತಿಸಲು ಸಾಧ್ಯ.

ಅಳತೆಯ ಭಾಗದಲ್ಲಿ 'ಕಟ್ಟಡದ ಮೇಲೆ ನಿಗಾ ಇಡಲಾಗುವುದು, ಕುಸಿತದ ಮಿತಿ 50 ಮಿಲಿಮೀಟರ್' ಎಂದು ಬರೆದಿದ್ದರೆ ಆ ಅಂಕಿ ಎಲ್ಲಿಂದ ಬಂತು ಎಂದು ಕೇಳಬೇಕು. ಒಳ್ಳೆಯ ಆಧಾರವಿದ್ದರೂ ಗಟ್ಟಿ ಮಣ್ಣಿನಲ್ಲಿ ಗುಂಡಿಯ ಅಂಚಿನ ನೆಲ, ಆಳದ ಶೇಕಡಾ 0.15ರಷ್ಟು ಕುಸಿಯುವುದು ಸಾಮಾನ್ಯ. ಕೆಲಸ ಸ್ವಲ್ಪ ಕೆಟ್ಟರೆ ಶೇಕಡಾ 0.3. ಅದರ ಪರಿಣಾಮ ಆಳದ ಎರಡು ಪಟ್ಟು ದೂರದವರೆಗೆ, ಅಂದರೆ ಇಲ್ಲಿ 18 ಮೀಟರಿನವರೆಗೆ, ಕ್ರಮೇಣ ಕಡಿಮೆಯಾಗುತ್ತಾ ಹಬ್ಬುತ್ತದೆ. 0.3ರ ಲೆಕ್ಕದಲ್ಲಿ ಅಂಚಿನಲ್ಲಿ 27 ಮಿಲಿಮೀಟರ್. ಮನೆಯ ಹತ್ತಿರದ ಗೋಡೆಯ ಕೆಳಗೆ ಸುಮಾರು 23, ಎಂಟು ಮೀಟರ್ ಆಚೆಯ ಗೋಡೆಯ ಕೆಳಗೆ ಸುಮಾರು 11. ಮನೆಯನ್ನು ಬಿರುಕುಬಿಡಿಸುವುದು ಒಟ್ಟು ಕುಸಿತಕ್ಕಿಂತ ಈ ಎರಡರ ನಡುವಿನ ವ್ಯತ್ಯಾಸ. ವ್ಯತ್ಯಾಸ 12 ಮಿಲಿಮೀಟರ್, ಅಂತರ 8,000 ಮಿಲಿಮೀಟರ್, ಅಂದರೆ ಸುಮಾರು 650ರಲ್ಲಿ ಒಂದು ಪಾಲು. 500ರಲ್ಲಿ ಒಂದು ಪಾಲಿನವರೆಗೆ ಗೋಡೆಗಳು ಬಿರುಕುಬಿಡದೆ ತಾಳುತ್ತವೆ, 300ರಲ್ಲಿ ಒಂದಾದಾಗ ಬಿರುಕುಗಳು ಮೂಡತೊಡಗುತ್ತವೆ ಎಂದು 1963ರಲ್ಲಿ ನಾರ್ವೆಯ ಮಣ್ಣುತಜ್ಞ ಲಾರಿಟ್ಸ್ ಬ್ಯೆರುಮ್ ತೋರಿಸಿದ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಹತ್ತಿರದ ಗೋಡೆಯನ್ನು 50 ಮಿಲಿಮೀಟರ್ ಕುಸಿಯಲು ಬಿಟ್ಟರೆ ಅದೇ ಪ್ರಮಾಣದಲ್ಲಿ ಆಚೆಯದು 24 ಕುಸಿಯುತ್ತದೆ. ವ್ಯತ್ಯಾಸ 26, ಅಂದರೆ 300ರಲ್ಲಿ ಒಂದರ ಹೊಸ್ತಿಲು. ಗುತ್ತಿಗೆದಾರನ ಮಿತಿ ಮುಟ್ಟುವ ದಿನ ಗೋಡೆ ಬಿರುಕುಬಿಡುವ ದಿನವೂ ಹೌದು. ಕಾಂಕ್ರೀಟ್ ಕಂಬಗಳಿಲ್ಲದ ಹಳೆಯ ಮನೆಗೆ ಅಷ್ಟು ಸಡಿಲ ಬಿಡುವಂತಿಲ್ಲ. 12 ಮಿಲಿಮೀಟರಿಗೆ ಎಚ್ಚರಿಕೆ, 20ಕ್ಕೆ ಕೆಲಸ ನಿಲುಗಡೆ ಎಂದಿಟ್ಟರೆ ಏನಾದರೂ ಮಾಡಲು ಸಮಯ ಉಳಿಯುತ್ತದೆ.

ಅಂಕಿ ಸರಿಯಿದ್ದರೂ ಸಾಲದು. ಅದು ಮುಟ್ಟಿದಾಗ ಯಾರು ಕೆಲಸ ನಿಲ್ಲಿಸುತ್ತಾರೆ, ಮಿತಿಯನ್ನು ಬದಲಿಸುವ ಅಧಿಕಾರ ಯಾರದು ಎಂಬುದೂ ಬರಹದಲ್ಲಿರಬೇಕು. ಸಿಂಗಪುರದ ನಿಕೋಲ್ ಹೈವೇ ಬಳಿ ಮೆಟ್ರೊ ಸುರಂಗಕ್ಕಾಗಿ ತೋಡಿದ್ದ ಸುಮಾರು 30 ಮೀಟರ್ ಆಳದ ಗುಂಡಿ 2004ರ ಏಪ್ರಿಲ್ 20ರಂದು ಕುಸಿದು ನಾಲ್ವರು ಸತ್ತರು. ಅಲ್ಲಿ ಅಳತೆಯ ಉಪಕರಣಗಳಿಗೆ ಕೊರತೆಯಿರಲಿಲ್ಲ. ಗೋಡೆ ನಿರೀಕ್ಷೆಗಿಂತ ಹೆಚ್ಚು ಬಾಗುತ್ತಿದೆ ಎಂದು ಅವು ತಿಂಗಳುಗಳ ಮೊದಲೇ ಹೇಳಿದ್ದವು. ಮಿತಿ ಮೀರಿದಾಗ ಹೊಸ ಲೆಕ್ಕ ಹಾಕಿ ಮಿತಿಯನ್ನೇ ಏರಿಸಿ ಅಗೆತ ಮುಂದುವರಿಸಲಾಯಿತು. ಅಡ್ಡತೊಲೆಗಳ ಜೋಡಣೆಯ ವಿನ್ಯಾಸ ದುರ್ಬಲವಾಗಿತ್ತು ಎಂಬುದು ತನಿಖೆಯಲ್ಲಿ ಹೊರಬಂತು. ಆದ್ದರಿಂದ ಮಿತಿ ಏರಿಸುವ ನಿರ್ಧಾರ ಗುತ್ತಿಗೆದಾರನ ಕೈಯಲ್ಲಿ ಮಾತ್ರ ಇರಬಾರದು, ಸ್ವತಂತ್ರ ಪರಿಶೀಲಕನ ಒಪ್ಪಿಗೆ ಬೇಕೆಂಬ ಷರತ್ತನ್ನು ಪರಿಶೀಲನೆಯಲ್ಲೇ ಸೇರಿಸಬೇಕು.

ಅಂಚಿನ ಮೇಲಿನ ಭಾರದ ನಿಯಮ ಚಿಕ್ಕದು, ಆದರೂ ಮತ್ತೆಮತ್ತೆ ಮರೆತುಹೋಗುತ್ತದೆ. ತೆಗೆದ ಮಣ್ಣನ್ನು ಅಂಚಿನಿಂದ ಒಂದೂವರೆ ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರ ಹಾಕಬೇಕು ಎನ್ನುತ್ತದೆ ಕೇಂದ್ರ ಲೋಕೋಪಯೋಗಿ ಇಲಾಖೆಯ ಸುರಕ್ಷತಾ ಸಂಹಿತೆ. ಒಂಬತ್ತು ಮೀಟರ್ ಗುಂಡಿಗೆ ಅದು ನಾಲ್ಕೂವರೆ ಮೀಟರ್. ಇಕ್ಕಟ್ಟಾದ ಸೈಟಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಹಾಗಾದರೆ ಮಣ್ಣನ್ನು ಆಗಿಂದಾಗಲೇ ಸಾಗಿಸುವ ಯೋಜನೆ ದಾಖಲೆಯಲ್ಲಿರಬೇಕು, ಕಬ್ಬಿಣದ ರಾಶಿ, ಕಾಂಕ್ರೀಟ್ ಲಾರಿ ಎಲ್ಲಿ ನಿಲ್ಲುತ್ತವೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸಬೇಕು. 2009ರ ಜೂನ್ 27ರಂದು ಶಾಂಘೈಯಲ್ಲಿ ಬಹುತೇಕ ಮುಗಿದಿದ್ದ 13 ಅಂತಸ್ತಿನ ಕಟ್ಟಡವೊಂದು ಬುಡಸಮೇತ ಮಗುಚಿ ಒಬ್ಬ ಕಾರ್ಮಿಕ ಸತ್ತ. ಒಂದು ಬದಿಯಲ್ಲಿ ಗ್ಯಾರೇಜಿಗೆಂದು ತೋಡಿದ್ದ ಗುಂಡಿಯ ಆಳ ಕೇವಲ 4.6 ಮೀಟರ್. ಇನ್ನೊಂದು ಬದಿಯಲ್ಲಿ ಪೇರಿಸಿದ್ದ ಮಣ್ಣಿನ ರಾಶಿ ಹತ್ತು ಮೀಟರಿನಷ್ಟು ಎತ್ತರವಿತ್ತು.

ಕೊನೆಯಲ್ಲಿ ನೋಡಬೇಕಾದವು ಎರಡು. ಒಂದು, ತುರ್ತು ಯೋಜನೆ. ಅದರಲ್ಲಿ ಆಂಬುಲೆನ್ಸ್ ನಂಬರ್ ಮಾತ್ರವಿದ್ದರೆ ಅದು ಯೋಜನೆಯಲ್ಲ. ಮಧ್ಯರಾತ್ರಿಯ ಮಳೆಯಲ್ಲಿ ಕಾಂಪೌಂಡ್ ಬಾಗಿದರೆ ಕಾವಲುಗಾರ ಯಾರಿಗೆ ಫೋನ್ ಮಾಡಬೇಕು, ಪಕ್ಕದ ಮನೆಯವರನ್ನು ಎಬ್ಬಿಸಿ ಹೊರಗೆ ಕಳಿಸುವ ಅಧಿಕಾರ ಆ ಕಾವಲುಗಾರನಿಗೇ ಇದೆಯೇ, ಅವರನ್ನು ಎಲ್ಲಿ ಉಳಿಸಲಾಗುತ್ತದೆ ಎಂದು ಬರೆದಿರಬೇಕು. ಬಾಗುತ್ತಿರುವ ಗೋಡೆಯನ್ನು ತಡೆಯುವ ಅತಿ ಬೇಗದ ದಾರಿ ಅದರ ಬುಡಕ್ಕೆ ಮಣ್ಣು ಸುರಿಯುವುದು. ಮಣ್ಣೆಲ್ಲ ಟಿಪ್ಪರ್ ಏರಿ ಹೋಗಿದ್ದರೆ ಆಗ ಸುರಿಯಲು ಏನೂ ಇರುವುದಿಲ್ಲ, ಹಾಗಾಗಿ ಮೀಸಲು ಮಣ್ಣು ಎಲ್ಲಿದೆ ಎಂಬುದೂ ಬೇಕು. ಇನ್ನೊಂದು, ಆಧಾರ ಬಿಚ್ಚುವ ಹಂತ. ಬೇಸ್‌ಮೆಂಟಿನ ಯಾವ ಚಪ್ಪಡಿ ಎಷ್ಟು ಗಟ್ಟಿಯಾದ ಮೇಲೆ, ಗೋಡೆಯ ಹಿಂದಿನ ಸಂದಿಯನ್ನು ಎಲ್ಲಿಯವರೆಗೆ ತುಂಬಿ ಕುಟ್ಟಿದ ಮೇಲೆ ಯಾವ ಆಂಕರನ್ನು ಸಡಿಲಿಸಬಹುದು ಎಂಬ ಕ್ರಮ ಬಹಳಷ್ಟು ದಾಖಲೆಗಳಲ್ಲಿ ಇರುವುದೇ ಇಲ್ಲ. ತಳ ಮುಟ್ಟಿದ ಕೂಡಲೇ ಬರಹ ಮುಗಿದುಹೋಗಿರುತ್ತದೆ.

ಇಷ್ಟು ಕೊರತೆಗಳಿರುವ ದಾಖಲೆಗೆ 'ಟಿಪ್ಪಣಿಗಳೊಂದಿಗೆ ಅನುಮೋದಿಸಲಾಗಿದೆ' ಎಂಬ ಮೊಹರು ಒತ್ತಬಾರದು. ಆ ಮೊಹರು ಬಿದ್ದ ಕೂಡಲೇ ಟಿಪ್ಪಣಿ ಕಡತದಲ್ಲಿ ಉಳಿಯುತ್ತದೆ, ಹಿಟಾಚಿ ಕೆಲಸಕ್ಕೆ ಇಳಿಯುತ್ತದೆ. ಉದಾಹರಣೆಯ ಸೈಟಿನಲ್ಲಿ ಪರಿಶೀಲಕ ಬರೆಯಬೇಕಾದ ಉತ್ತರ ಇಷ್ಟು: ದಾಖಲೆ ವಾಪಸ್. ಪಕ್ಕದ ಮನೆಯ ಸಮೀಕ್ಷೆ ಮತ್ತು ಅಳತೆಯ ಮೊದಲ ದಾಖಲಾತಿಯನ್ನು ಈಗಲೇ ಮಾಡಬಹುದು. ಮನೆಯ ಬದಿಯಲ್ಲಿ ಇನ್ನೂ ಮೂರು ಕಡೆ ಕೊರೆದು ಬಂಡೆಯ ಮಟ್ಟ ಖಚಿತಪಡಿಸಬೇಕು. ಮನೆಯ ಭಾರ ಸೇರಿಸಿದ ಲೆಕ್ಕ, ಎರಡೂವರೆ ಮತ್ತು ಐದೂವರೆ ಮೀಟರಿಗೆ ಹೋಲ್ಡ್ ಪಾಯಿಂಟ್ ಇರುವ ತಿದ್ದಿದ ಕ್ರಮ, ಮನೆಯವರ ಒಪ್ಪಿಗೆ ಪತ್ರ ಇವು ಕೈಸೇರುವವರೆಗೆ ಪೈಲಿಂಗ್ ಆಗಲಿ ಅಗೆತವಾಗಲಿ ಆರಂಭಿಸುವಂತಿಲ್ಲ.